ರೂಪಾಯಿಗಿರುವುದು ಬೆಲೆ, ಮಾನವಲ್ಲ

ಪ್ರತಿ ವರ್ಷ ಆಗಸ್ಟ್ 15ರ ಆಸುಪಾಸಿನಲ್ಲಿ ನಮ್ಮೆಲ್ಲರ ವಾಟ್ಸಾಪ್ ಗುಂಪುಗಳಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ. 1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಸಿಗುತ್ತಿತ್ತು, ಇವತ್ತು ನೋಡಿ ಎಲ್ಲಿಗೆ ಬಂದಿದ್ದೇವೆ ಎಂಬ ಕೊರಗು ಅದರಲ್ಲಿರುತ್ತದೆ. ಕಳಿಸುವವರು ಪಕ್ಷಕ್ಕೆ ತಕ್ಕಂತೆ ಬೈಗುಳದ ಗುರಿಯನ್ನು ಬದಲಿಸುತ್ತಾರೆ, ಲೆಕ್ಕವನ್ನು ಮಾತ್ರ ಯಾರೂ ನೋಡುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. 1947ರಲ್ಲಿ ರೂಪಾಯಿಯನ್ನು ಬ್ರಿಟಿಷ್ ಪೌಂಡಿಗೆ ಕಟ್ಟಿಹಾಕಲಾಗಿತ್ತು. ಒಂದು ರೂಪಾಯಿಗೆ ಒಂದು ಶಿಲ್ಲಿಂಗ್ ಆರು ಪೆನ್ಸ್, ಅಂದರೆ ಒಂದು ಪೌಂಡಿಗೆ 13 ರೂಪಾಯಿ 33 ಪೈಸೆಯಷ್ಟು. ಆಗ ಒಂದು ಪೌಂಡಿಗೆ 4.03 ಡಾಲರ್. ಭಾಗಿಸಿ ನೋಡಿದರೆ ಒಂದು ಡಾಲರಿಗೆ ಸುಮಾರು 3 ರೂಪಾಯಿ 30 ಪೈಸೆ. 1949ರಲ್ಲಿ ಬ್ರಿಟನ್ ತನ್ನ ಪೌಂಡಿನ ಬೆಲೆ ಇಳಿಸಿದಾಗ ನಾವೂ ಜೊತೆಗೆ ಇಳಿದು 4.76ಕ್ಕೆ ಬಂದೆವು. 1966ರ ಜೂನ್‌ನಲ್ಲಿ ಒಂದೇ ಏಟಿಗೆ 7.50. ಒಂದಕ್ಕೊಂದು ಎಂಬ ಕಾಲ ಸ್ವತಂತ್ರ ಭಾರತದಲ್ಲಿ ಒಂದು ದಿನವೂ ಇರಲಿಲ್ಲ.

ಸಂದೇಶದಲ್ಲಿರುವ ಸುಳ್ಳಿಗಿಂತ ಅದರ ಹಿಂದಿರುವ ನಂಬಿಕೆ ನನಗೆ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ. ಡಾಲರಿಗೆ ಎಷ್ಟು ರೂಪಾಯಿ ಎಂಬುದು ದೇಶದ ಮಾನದ ಪ್ರಶ್ನೆ, ಗಟ್ಟಿ ಸರ್ಕಾರವಾದರೆ ಆ ಅಂಕಿಯನ್ನು ಅಲುಗದಂತೆ ಹಿಡಿದು ನಿಲ್ಲಿಸುತ್ತದೆ ಎನ್ನುವುದೇ ಆ ನಂಬಿಕೆ. ಹಿಡಿದು ನಿಲ್ಲಿಸಬಹುದು, ಇಲ್ಲವೆನ್ನುವುದಿಲ್ಲ. ಆದರೆ ಅದರ ಖರ್ಚು ಯಾರ ಜೇಬಿನಿಂದ ಹೋಗುತ್ತದೆ ಎಂದು ಹೇಳದೆ ಹಿಡಿಯುವುದು ಮೋಸ. ಹಿಡಿಯಿರಿ ಎಂದು ಕೂಗುವವರಿಗೂ ಆ ಮೋಸದಲ್ಲಿ ಪಾಲಿದೆ.

ಒಂದು ದೇಶಕ್ಕೆ ಮೂರು ಆಸೆಗಳಿರುತ್ತವೆ. ಒಂದು, ತನ್ನ ಹಣದ ವಿನಿಮಯ ದರ ಸ್ಥಿರವಾಗಿರಬೇಕು. ಎರಡು, ಬಂಡವಾಳ ಗಡಿ ದಾಟಿ ಸಲೀಸಾಗಿ ಬಂದು ಹೋಗಬೇಕು. ಮೂರು, ಬಡ್ಡಿ ದರವನ್ನು ತನ್ನ ಊರಿನ ಬೆಲೆಯೇರಿಕೆ, ಉದ್ಯೋಗ ನೋಡಿಕೊಂಡು ತಾನೇ ನಿರ್ಧರಿಸಬೇಕು. 1960ರ ದಶಕದ ಆರಂಭದಲ್ಲಿ ರಾಬರ್ಟ್ ಮಂಡೆಲ್ ಮತ್ತು ಮಾರ್ಕಸ್ ಫ್ಲೆಮಿಂಗ್ ಬೇರೆ ಬೇರೆಯಾಗಿ ಕಟ್ಟಿದ ವಾದದಿಂದ ಬಂದ ತೀರ್ಮಾನವೆಂದರೆ, ಈ ಮೂರರಲ್ಲಿ ಎರಡನ್ನು ಮಾತ್ರ ಪೂರ್ತಿಯಾಗಿ ಪಡೆಯಬಹುದು. ಇದನ್ನೇ ಅರ್ಥಶಾಸ್ತ್ರದಲ್ಲಿ ಅಸಾಧ್ಯ ತ್ರಿವಳಿ ಎನ್ನುತ್ತಾರೆ.

ಯಾಕೆ ಅಸಾಧ್ಯ? ರಿಸರ್ವ್ ಬ್ಯಾಂಕು ಡಾಲರಿಗೆ 55 ರೂಪಾಯಿ ಎಂದು ಮಾತು ಕೊಟ್ಟಿದೆ ಎಂದುಕೊಳ್ಳಿ. ಬಾಗಿಲು ತೆರೆದಿದೆ, ಹಣ ಯಾರು ಬೇಕಾದರೂ ಒಯ್ಯಬಹುದು. ಹೊರಗೆ ಬಡ್ಡಿ ಹೆಚ್ಚಾಗುತ್ತದೆ, ಅಥವಾ ಇಲ್ಲಿನ ಸ್ಥಿತಿ ಕಂಡು ಜನ ಹೆದರುತ್ತಾರೆ. ಅವರು ರೂಪಾಯಿ ಕೊಟ್ಟು ಡಾಲರ್ ಕೇಳುತ್ತಾರೆ. 55ರ ಮಾತು ಉಳಿಯಬೇಕಾದರೆ ರಿಸರ್ವ್ ಬ್ಯಾಂಕು ತನ್ನ ಮೀಸಲಿನಿಂದ ಡಾಲರ್ ಮಾರಬೇಕು. ಮಾರಿದ ಪ್ರತಿ ಡಾಲರಿಗೂ 55 ರೂಪಾಯಿ ಬ್ಯಾಂಕುಗಳ ಕೈಯಿಂದ ರಿಸರ್ವ್ ಬ್ಯಾಂಕಿನ ಒಳಗೆ ಹೋಗಿಬಿಡುತ್ತದೆ. ಊರಿನಲ್ಲಿ ರೂಪಾಯಿಯ ಅಭಾವವಾಗಿ ಬಡ್ಡಿ ತಾನಾಗಿಯೇ ಏರುತ್ತದೆ. ಬಡ್ಡಿ ಏರುವುದು ಬೇಡವೆಂದು ಅಷ್ಟೇ ರೂಪಾಯಿಯನ್ನು ಇನ್ನೊಂದು ಬಾಗಿಲಿನಿಂದ ಬ್ಯಾಂಕುಗಳಿಗೆ ವಾಪಸು ಕೊಟ್ಟರೆ, ಅದೇ ರೂಪಾಯಿ ಮರುದಿನ ಮತ್ತೆ ಡಾಲರ್ ಕೇಳಿಕೊಂಡು ಬಂದು ನಿಲ್ಲುತ್ತದೆ. ತೂತಾದ ಕೊಡಕ್ಕೆ ನೀರು ಹೊಯ್ದ ಹಾಗೆ. ಬಾವಿ ಬತ್ತುವ ತನಕ ಹೊಯ್ಯಬಹುದು, ಅಷ್ಟೇ.

ಇದನ್ನು ಪಠ್ಯಪುಸ್ತಕದ ಲೆಕ್ಕವೆಂದು ತಳ್ಳಿಹಾಕುವವರಿಗೆ 2013ರ ಬೇಸಿಗೆಯನ್ನು ನೆನಪಿಸುತ್ತೇನೆ. ಆ ನಾಲ್ಕು ತಿಂಗಳಲ್ಲಿ ನಮ್ಮ ದೇಶ ಈ ತ್ರಿಕೋನದ ಮೂರೂ ಮೂಲೆಗಳಿಗೆ ತಲೆ ಚಚ್ಚಿಕೊಂಡು ಬಂದಿತು.

ಆ ವರ್ಷದ ಆರಂಭದಲ್ಲಿ ಆರ್ಥಿಕ ಬೆಳವಣಿಗೆ, ಆ ಹೊತ್ತಿನ ಅಂಕಿಗಳ ಪ್ರಕಾರ, ಶೇ 5ರ ಆಸುಪಾಸಿಗೆ ಕುಸಿದಿತ್ತು. ಅದಕ್ಕೆ ಮದ್ದಾಗಿ ರಿಸರ್ವ್ ಬ್ಯಾಂಕು ಜನವರಿ, ಮಾರ್ಚ್ ಮತ್ತು ಮೇ ತಿಂಗಳಲ್ಲಿ ಬಡ್ಡಿ ಇಳಿಸುತ್ತಾ ರೆಪೊ ದರವನ್ನು ಶೇ 7.25ಕ್ಕೆ ತಂದಿತ್ತು. ಇನ್ನೊಂದು ಕಡೆ ನಾವು ಹೊರಗಿನಿಂದ ಕೊಳ್ಳುವುದು ಹೊರಗೆ ಮಾರುವುದಕ್ಕಿಂತ ತೀರಾ ಹೆಚ್ಚಾಗಿತ್ತು. 2012-13ರ ಚಾಲ್ತಿ ಖಾತೆಯ ಕೊರತೆ ಜಿಡಿಪಿಯ ಶೇ 4.8ರಷ್ಟು. ಆ ಕಂದಕವನ್ನು ಪ್ರತಿ ತಿಂಗಳು ವಿದೇಶಿ ಹೂಡಿಕೆದಾರರ ಹಣದಿಂದ ತುಂಬಿಸಿಕೊಳ್ಳುತ್ತಿದ್ದೆವು.

ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕೆ ಅಲ್ಲಿನ ಸಂಸತ್ತಿನ ಮುಂದೆ, ಬಾಂಡ್ ಖರೀದಿಯನ್ನು ಮುಂದಿನ ಕೆಲವು ಸಭೆಗಳಲ್ಲಿ ನಿಧಾನಗೊಳಿಸಬಹುದು ಎಂದರು. ಮಾಡುತ್ತೇವೆ ಎಂದೂ ಅಲ್ಲ, ಮಾಡಬಹುದು ಎಂದಷ್ಟೇ. ಮೇ ಆರಂಭದಲ್ಲಿ ಶೇ 2ಕ್ಕಿಂತ ಕೆಳಗಿದ್ದ ಅಮೆರಿಕದ ಹತ್ತು ವರ್ಷದ ಬಾಂಡಿನ ಇಳುವರಿ ಸೆಪ್ಟೆಂಬರ್ ಹೊತ್ತಿಗೆ ಶೇ 3ರ ಹತ್ತಿರ ಬಂದಿತ್ತು. ಭಾರತದ ಬಾಂಡಿನಲ್ಲಿ ದುಡ್ಡಿಟ್ಟಿದ್ದ ವಿದೇಶಿ ಹೂಡಿಕೆದಾರ ಹೊಸದಾಗಿ ಲೆಕ್ಕ ಹಾಕಿದ. ಇಲ್ಲಿ ವರ್ಷಕ್ಕೆ ಶೇ 7.5 ಸಿಗುತ್ತದೆ, ಆದರೆ ರೂಪಾಯಿ ಶೇ 10 ಬಿದ್ದರೆ ಡಾಲರ್ ಲೆಕ್ಕದಲ್ಲಿ ನಷ್ಟವೇ. ಆತ ಮಾರಿ ಹೊರಟ. ಮೇ 22ರಂದು 55ರ ಆಸುಪಾಸಿನಲ್ಲಿದ್ದ ಡಾಲರ್ ಜುಲೈ ಹೊತ್ತಿಗೆ 60 ದಾಟಿತು.

ಈಗ ರಿಸರ್ವ್ ಬ್ಯಾಂಕು ಮೊದಲ ಮೂಲೆಗೆ ಹೋಯಿತು. ಜುಲೈ 15ರಂದು, ಬ್ಯಾಂಕುಗಳು ತುರ್ತಿಗೆ ಸಾಲ ಪಡೆಯುವ ಕಿಟಕಿಯ ದರವನ್ನು ಶೇ 8.25ರಿಂದ ಒಮ್ಮೆಗೇ 10.25ಕ್ಕೆ ಏರಿಸಿತು. ರೆಪೊ ದರದಲ್ಲಿ ಸಿಗುವ ಅಗ್ಗದ ಸಾಲಕ್ಕೆ ಮಿತಿ ಹಾಕಿ, ಎಂಟೇ ದಿನಗಳಲ್ಲಿ ಆ ಮಿತಿಯನ್ನು ಇನ್ನಷ್ಟು ಬಿಗಿ ಮಾಡಿತು. ಹೆಸರಿಗೆ ರೆಪೊ ದರ 7.25ರಲ್ಲೇ ಇತ್ತು. ಆದರೆ ಬ್ಯಾಂಕುಗಳಿಗೆ ಹಣ ಹುಟ್ಟುತ್ತಿದ್ದುದು ಶೇ 10ರ ಮೇಲೆ. ಮೇ 3ರಂದು ಬೆಳವಣಿಗೆಗಾಗಿ ಬಡ್ಡಿ ಇಳಿಸಿದ್ದ ಅದೇ ಸಂಸ್ಥೆ ಹತ್ತು ವಾರಗಳಲ್ಲಿ, ಬೆಳವಣಿಗೆ ಒಂದಿಷ್ಟೂ ಸುಧಾರಿಸದಿದ್ದಾಗಲೇ, ಹಣದ ಕತ್ತು ಹಿಸುಕಬೇಕಾಯಿತು. ನಮ್ಮ ಬಡ್ಡಿ ದರ ಎಷ್ಟಿರಬೇಕೆಂದು ಆ ಜುಲೈನಲ್ಲಿ ನಿರ್ಧರಿಸಿದ್ದು ಮುಂಬೈಯ ಮಿಂಟ್ ರೋಡ್ ಅಲ್ಲ, ವಾಷಿಂಗ್ಟನ್.

ಇದೊಂದು ಹುಚ್ಚು ಗಣಿತವೂ ಹೌದು. ರೂಪಾಯಿ ಮುಂದಿನ ತಿಂಗಳು ಶೇ 5 ಬೀಳುತ್ತದೆ ಎಂದು ಒಬ್ಬ ನಂಬಿದರೆ ಅವನನ್ನು ತಡೆದು ನಿಲ್ಲಿಸಲು ತಿಂಗಳಿಗೆ ಶೇ 5 ಬಡ್ಡಿ ಕೊಡಬೇಕು, ವರ್ಷಕ್ಕಲ್ಲ. ಶೇ 2ರ ಏರಿಕೆ ಓಡುವವನನ್ನು ನಿಲ್ಲಿಸಲಿಲ್ಲ. ಓವರ್‌ಡ್ರಾಫ್ಟಿನ ಮೇಲೆ ಅಂಗಡಿ ನಡೆಸುವವನಿಗೆ, ವರ್ಕಿಂಗ್ ಕ್ಯಾಪಿಟಲ್ ಸಾಲದ ಮೇಲೆ ನಿಂತ ಸಣ್ಣ ಕಾರ್ಖಾನೆಗೆ ಮಾತ್ರ ಅದು ಸರಿಯಾಗಿ ತಟ್ಟಿತು.

ಆಮೇಲೆ ಎರಡನೆಯ ಮೂಲೆ. ಆಗಸ್ಟ್ 13ರಂದು ಚಿನ್ನದ ಆಮದು ಸುಂಕ ಶೇ 10ಕ್ಕೆ ಏರಿತು. ಸ್ವಾತಂತ್ರ್ಯ ದಿನದ ಮುನ್ನಾದಿನ ರಿಸರ್ವ್ ಬ್ಯಾಂಕು ಬಾಗಿಲನ್ನೇ ಅರ್ಧ ಎಳೆಯಿತು. ಒಬ್ಬ ವ್ಯಕ್ತಿ ವರ್ಷಕ್ಕೆ ಹೊರದೇಶಕ್ಕೆ ಕಳಿಸಬಹುದಾದ ಮೊತ್ತ 2 ಲಕ್ಷ ಡಾಲರಿನಿಂದ 75 ಸಾವಿರಕ್ಕೆ ಇಳಿಯಿತು. ಕಂಪನಿಗಳು ವಿಶೇಷ ಅನುಮತಿಯಿಲ್ಲದೆ ಹೊರಗೆ ಹೂಡಬಹುದಾದ ಮೊತ್ತ ಅವುಗಳ ನಿವ್ವಳ ಆಸ್ತಿಯ ನಾಲ್ಕು ಪಟ್ಟಿನಿಂದ ಒಂದು ಪಟ್ಟಿಗೆ ಇಳಿಯಿತು. ಇವು ನಿವಾಸಿಗಳ ಮೇಲಿನ ಮಿತಿಗಳೇ ಹೊರತು ವಿದೇಶಿ ಹೂಡಿಕೆದಾರರ ಮೇಲಿನವಲ್ಲ. ಆದರೆ ಹೆದರಿದವನು ಸುತ್ತೋಲೆಯ ಸಣ್ಣಕ್ಷರ ಓದುತ್ತಾ ಕೂರುವುದಿಲ್ಲ. ಇಂದು ಅವರ ಬಾಗಿಲು, ನಾಳೆ ನಮ್ಮದು ಎಂದುಕೊಂಡ. ರಜೆ ಮುಗಿದು ಆಗಸ್ಟ್ 16ರಂದು ಮಾರುಕಟ್ಟೆ ತೆರೆದಾಗ ಸೆನ್ಸೆಕ್ಸ್ 769 ಅಂಶ ಬಿತ್ತು, ರೂಪಾಯಿ ಇನ್ನೂ ಕೆಳಗಿಳಿಯಿತು. ಬಾಗಿಲು ಮುಚ್ಚುವುದೂ ಒಂದು ನೀತಿಯೇ. ಚೀನಾ ಹಾಗೆ ಬದುಕಿದೆ. ಆದರೆ ವರ್ಷಗಟ್ಟಲೆ ತೆರೆದಿಟ್ಟ ಬಾಗಿಲನ್ನು ಬೆಂಕಿ ಬಿದ್ದ ರಾತ್ರಿ ಎಳೆಯತೊಡಗಿದರೆ ಒಳಗಿದ್ದವರೆಲ್ಲ ಒಟ್ಟಿಗೆ ಹೊಸ್ತಿಲಿಗೆ ನುಗ್ಗುತ್ತಾರೆ.

ಉಳಿದದ್ದು ಮೂರನೆಯ ಮೂಲೆ. ಅಂಕಿಯನ್ನೇ ಬಿಡಬೇಕಾಯಿತು. ಆಗಸ್ಟ್ 28ರಂದು ಡಾಲರ್ 68 ದಾಟಿತು. ಮೂರೇ ತಿಂಗಳಲ್ಲಿ ಡಾಲರ್ ಸುಮಾರು ಶೇ 24 ತುಟ್ಟಿಯಾಗಿತ್ತು. ಅಂದರೆ ಬಡ್ಡಿಯನ್ನೂ ಕೊಟ್ಟೆವು, ಬಾಗಿಲನ್ನೂ ಎಳೆದೆವು, ಕೊನೆಗೆ ಅಂಕಿಯೂ ಕೈಬಿಟ್ಟಿತು. ಮೂರರಲ್ಲಿ ಎರಡು ಸಿಗಬೇಕಿದ್ದಲ್ಲಿ ಆ ಬೇಸಿಗೆಯಲ್ಲಿ ನಮಗೆ ಒಂದೂ ನೆಟ್ಟಗೆ ಸಿಗಲಿಲ್ಲ. ಯಾವುದನ್ನು ಬಿಡುತ್ತೇವೆಂದು ಮೊದಲೇ ನಿರ್ಧರಿಸಿರಲಿಲ್ಲವಲ್ಲ, ಅದಕ್ಕೆ.

ಬಳಿಕ ಸುಧಾರಿಸಿದ್ದು ಹೇಗೆ? ಆಗಸ್ಟ್ 28ರ ರಾತ್ರಿಯೇ ಮೂರು ಸರ್ಕಾರಿ ತೈಲ ಕಂಪನಿಗಳಿಗೆ ಡಾಲರನ್ನು ಮಾರುಕಟ್ಟೆಯಲ್ಲಿ ಹುಡುಕದೆ ನೇರವಾಗಿ ರಿಸರ್ವ್ ಬ್ಯಾಂಕಿನಿಂದಲೇ ಪಡೆಯುವ ದಾರಿ ಸಿಕ್ಕಿತು. ಸೆಪ್ಟೆಂಬರ್ 4ರಂದು ಗವರ್ನರ್ ಆದ ರಘುರಾಮ್ ರಾಜನ್ ಅನಿವಾಸಿ ಭಾರತೀಯರ ಡಾಲರ್ ಠೇವಣಿಗಾಗಿ ಬ್ಯಾಂಕುಗಳಿಗೆ ಒಂದು ವಿಶೇಷ ಕಿಟಕಿ ತೆರೆದರು. ಬ್ಯಾಂಕು ಮೂರು ವರ್ಷಕ್ಕೆ ಡಾಲರ್ ಠೇವಣಿ ಪಡೆದು ರಿಸರ್ವ್ ಬ್ಯಾಂಕಿಗೆ ಕೊಟ್ಟು ರೂಪಾಯಿ ಒಯ್ಯಬೇಕು. ಮೂರು ವರ್ಷದ ಬಳಿಕ ರೂಪಾಯಿ ಎಲ್ಲಿಗೇ ಬಿದ್ದಿರಲಿ, ವರ್ಷಕ್ಕೆ ಶೇ 3.5ರ ಖರ್ಚಿನಲ್ಲಿ ಅಷ್ಟೇ ಡಾಲರ್ ವಾಪಸು ಸಿಗುತ್ತದೆ. ಅದೇ ಭರವಸೆಗೆ ಮಾರುಕಟ್ಟೆಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ತೆರಬೇಕಿತ್ತು. ನವೆಂಬರ್ ಅಂತ್ಯದೊಳಗೆ ಇದು ಮತ್ತು ಬ್ಯಾಂಕುಗಳ ವಿದೇಶಿ ಸಾಲಕ್ಕೆ ಕೊಟ್ಟ ಇಂಥದೇ ಸೌಲಭ್ಯ ಸೇರಿ ಸುಮಾರು 34 ಶತಕೋಟಿ ಡಾಲರ್ ತಂದವು. ಈ ನಡುವೆ ಫೆಡರಲ್ ರಿಸರ್ವ್ ಕೂಡ ತನ್ನ ಹೆಜ್ಜೆಯನ್ನು ಸೆಪ್ಟೆಂಬರಿನಲ್ಲಿ ಮುಂದೂಡಿತು. ರೂಪಾಯಿ 62ರ ಆಸುಪಾಸಿಗೆ ಬಂದು ನಿಂತಿತು, ಜುಲೈನ ತುರ್ತು ಬಡ್ಡಿಯನ್ನು ಹಂತ ಹಂತವಾಗಿ ಹಿಂತೆಗೆದುಕೊಂಡರು.

ಗಮನಿಸಿ, 55ಕ್ಕೆ ವಾಪಸು ಹೋಗಲಿಲ್ಲ. ಯಾರೂ ಒಯ್ಯಲೂ ಇಲ್ಲ. ಬಿದ್ದ ಬೆಲೆ ತನ್ನ ಕೆಲಸ ಮಾಡಿತು. ಆಮದು ತುಟ್ಟಿಯಾಗಿ ಕಡಿಮೆಯಾಯಿತು, ಚಿನ್ನದ ಮೇಲಿನ ಕಡಿವಾಣವೂ ಸೇರಿಕೊಂಡು ಕೊರತೆ ಇಳಿಯಿತು. ತೇಲುವ ದರದ ಕೆಲಸವೇ ಅದು. ಅದು ಬಿಲ್ಲನ್ನು ಎಲ್ಲರ ಮುಂದೆ, ಅಂಕಿಯಲ್ಲಿ ತೋರಿಸುತ್ತದೆ. ಸ್ಥಿರ ದರದಲ್ಲೂ ಅದೇ ಬಿಲ್ಲು ಬರುತ್ತದೆ, ಆದರೆ ಕಾಣದ ಕಡೆಯಿಂದ: ಸಾಲದ ಬಡ್ಡಿಯಾಗಿ, ಕರಗುವ ಮೀಸಲಾಗಿ, ಎಳೆದ ಬಾಗಿಲಾಗಿ.

ಆ ಬಿಲ್ಲಿನಲ್ಲಿ ಇನ್ನೊಂದು ಅನ್ಯಾಯವೂ ಇದೆ. 60ಕ್ಕೆ ಬೀಳಬೇಕಾದ ರೂಪಾಯಿಯನ್ನು 55ರಲ್ಲಿ ಹಿಡಿದಿಟ್ಟರೆ, ಆ ಹೊತ್ತಿನಲ್ಲಿ ಡಾಲರ್ ಕೊಂಡವನಿಗೆ ಪ್ರತಿ ಡಾಲರಿಗೂ ಐದು ರೂಪಾಯಿ ಉಡುಗೊರೆ ಸಿಕ್ಕಂತೆ. ಆ ಉಡುಗೊರೆಗೆ ಮೊದಲು ಕೈಚಾಚುವವರು ಯಾರು? ಸುದ್ದಿ ಮೊದಲು ತಿಳಿಯುವವರು, ಹೊರಗೆ ಖಾತೆಯಿರುವವರು, ದೊಡ್ಡ ಮೊತ್ತವನ್ನು ಒಂದೇ ದಿನದಲ್ಲಿ ಸಾಗಿಸಬಲ್ಲವರು. ದೇಶದ ಮಾನ ಉಳಿಸುವ ಹೆಸರಿನಲ್ಲಿ ಓಡುವವನಿಗೆ ಸಬ್ಸಿಡಿ ಕೊಡುತ್ತೇವೆ, ಓಡಲಾರದವನ ಸಾಲದ ಬಡ್ಡಿ ಏರಿಸುತ್ತೇವೆ.

ನನ್ನ ವಾದಕ್ಕೆ ಎದುರಾಡುವವರ ಬಳಿ ಗಟ್ಟಿಯಾದ ಮಾತುಗಳೇ ಇವೆ. ಒಂದು, ರೂಪಾಯಿ ಬಿದ್ದರೆ ಪೆಟ್ರೋಲ್, ಅಡುಗೆ ಎಣ್ಣೆ ತುಟ್ಟಿಯಾಗಿ ಬಡವನಿಗೇ ಪೆಟ್ಟು. ಹೊರದೇಶದಲ್ಲಿ ಓದುವ ವಿದ್ಯಾರ್ಥಿಯ 40 ಸಾವಿರ ಡಾಲರ್ ಶುಲ್ಕ 55ರ ದರದಲ್ಲಿ 22 ಲಕ್ಷ ರೂಪಾಯಿ, 68ರ ದರದಲ್ಲಿ 27 ಲಕ್ಷದ 20 ಸಾವಿರ. ಈ ನೋವು ನಿಜ, ನಮ್ಮ ಓದುಗರಲ್ಲೇ ಅದನ್ನು ಉಂಡವರಿದ್ದಾರೆ. ಆದರೆ ಅದೇ ಬೀಳುವಿಕೆ ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರನ ಕೈಗೆ ಹೆಚ್ಚು ರೂಪಾಯಿ ಕೊಡುತ್ತದೆ, ಏಕೆಂದರೆ ನಮ್ಮ ಕಾಫಿಯ ಬಹುಪಾಲು ರಫ್ತಾಗುತ್ತದೆ, ಬೆಲೆ ಲಂಡನ್, ನ್ಯೂಯಾರ್ಕ್‌ಗಳಲ್ಲಿ ಹುಟ್ಟುತ್ತದೆ. ಪುಣೆ, ಹೈದರಾಬಾದಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೂತ ನಮ್ಮಲ್ಲಿ ಅನೇಕರ ಸಂಬಳದ ಬೇರೂ ಡಾಲರಿನಲ್ಲೇ ಇದೆ. ಬಡವನ ಸೀಮೆಎಣ್ಣೆ, ಬಸ್ ದರಗಳ ಬಗ್ಗೆ ಕಾಳಜಿಯಿದ್ದರೆ ಅವನಿಗೇ ನೇರವಾಗಿ ನೆರವು ಕೊಡಿ. ಎಲ್ಲರ ಡಾಲರನ್ನೂ ಅಗ್ಗ ಮಾಡಿದರೆ ಆ ನೆರವಿನ ಸಿಂಹಪಾಲು ಬಡವನಿಗೆ ಹೋಗುವುದಿಲ್ಲ.

ಎರಡನೆಯ ಮಾತು: ದುಬೈಯ ದಿರ್ಹಮ್ ನೋಡಿ, ಡಾಲರಿಗೆ 3.6725ರಲ್ಲಿ 1997ರಿಂದ ಅಲುಗಿಲ್ಲ. ಕರಾವಳಿಯ ಮನೆಮನೆಯವರೂ ಅಲ್ಲಿರುವುದರಿಂದ ಈ ಉದಾಹರಣೆ ನಮಗೆ ಬಾಯಿಪಾಠ. ಆದರೆ ಆ ದೇಶ ಒಂದನ್ನು ಕೊಟ್ಟುಬಿಟ್ಟಿದೆ, ಅದೂ ಬಹಿರಂಗವಾಗಿ. ಅಲ್ಲಿನ ಬಡ್ಡಿ ದರ ಅಮೆರಿಕದ್ದೇ ನೆರಳು. 2022ರ ಮಾರ್ಚ್‌ನಿಂದ 2023ರ ಜುಲೈ ತನಕ ಫೆಡರಲ್ ರಿಸರ್ವ್ ತನ್ನ ದರವನ್ನು ಹೆಚ್ಚುಕಡಿಮೆ ಸೊನ್ನೆಯಿಂದ ಶೇ 5ರ ಮೇಲಕ್ಕೆ ಒಯ್ದಾಗ ಅಲ್ಲಿನ ಕೇಂದ್ರ ಬ್ಯಾಂಕೂ ಹಿಂದೆಯೇ ಏರಿಸಿತು. ಅಲ್ಲಿ ಮನೆ ಸಾಲ ಮಾಡಿದವರನ್ನು ಕೇಳಿದರೆ ಸ್ಥಿರ ದಿರ್ಹಮ್ಮಿನ ಬೆಲೆ ಏನೆಂದು ಹೇಳುತ್ತಾರೆ. ತೈಲ ಮಾರಿ ಡಾಲರ್ ಗಳಿಸುವ ಸಣ್ಣ ದೇಶಕ್ಕೆ ಆ ಒಪ್ಪಂದ ಸರಿಹೋಗಬಹುದು. ತೈಲ ಕೊಳ್ಳುವ, 140 ಕೋಟಿ ಜನರ ದೇಶದ ಬಡ್ಡಿ ದರ ಅಮೆರಿಕದ ನಿರುದ್ಯೋಗದ ಅಂಕಿ ನೋಡಿ ನಿರ್ಧಾರವಾಗಬೇಕೇ?

ಮೂರನೆಯ ಮಾತು: ಈಗ ನಮ್ಮ ಬಳಿ ಬೆಟ್ಟದಷ್ಟು ಮೀಸಲಿದೆ, 2013 ಮರುಕಳಿಸದು. ಮೀಸಲು ದೊಡ್ಡದಾದದ್ದು ಒಳ್ಳೆಯದೇ, ದಿಢೀರ್ ಕುಸಿತದ ದಿನ ದಿಗಿಲು ತಡೆಯಲು ಅದು ಬೇಕು. ಆದರೆ ಮೀಸಲಿನಿಂದ ಸಮಯ ಕೊಳ್ಳಬಹುದು, ನಾಲ್ಕನೆಯ ಮೂಲೆ ಕೊಳ್ಳಲಾಗದು. 2022ರ ಡಿಸೆಂಬರಿನಿಂದ 2023ರ ಅಕ್ಟೋಬರ್ ತನಕ ರೂಪಾಯಿ ಎಷ್ಟು ಕಡಿಮೆ ಅಲುಗಿತೆಂದರೆ, ಐಎಂಎಫ್ ನಮ್ಮ ವ್ಯವಸ್ಥೆಯನ್ನು ತೇಲುವ ದರದ ಪಟ್ಟಿಯಿಂದ ತೆಗೆದು ಸ್ಥಿರಗೊಳಿಸಿದ ದರದ ಪಟ್ಟಿಗೆ ಸೇರಿಸಿತು. ರಿಸರ್ವ್ ಬ್ಯಾಂಕು ಅದನ್ನು ಒಪ್ಪಲಿಲ್ಲ. ಹೆಸರು ಏನೇ ಇರಲಿ, ಪರೀಕ್ಷೆ ಬಂದದ್ದು 2024ರ ಕೊನೆಯಲ್ಲಿ. ಸೆಪ್ಟೆಂಬರ್ ಅಂತ್ಯದಲ್ಲಿ 704 ಶತಕೋಟಿ ಡಾಲರಿದ್ದ ಮೀಸಲು ಜನವರಿಯಲ್ಲಿ 625ರ ಆಸುಪಾಸಿಗೆ ಬಂತು. ಇದರಲ್ಲಿ ಒಂದು ಭಾಗ ಮೀಸಲಿನಲ್ಲಿರುವ ಯೂರೊ ಮುಂತಾದವುಗಳ ಬೆಲೆ ಇಳಿದದ್ದರಿಂದ, ಉಳಿದದ್ದು ಡಾಲರ್ ಮಾರಿದ್ದರಿಂದ. ಮಾರಿದ ಡಾಲರಿನ ಬದಲಿಗೆ ರೂಪಾಯಿ ಒಳಗೆ ಹೋಯಿತು, ಜನವರಿಯಲ್ಲಿ ಬ್ಯಾಂಕುಗಳ ನಗದು ಕೊರತೆ 3 ಲಕ್ಷ ಕೋಟಿ ದಾಟಿತು. ಆರ್ಥಿಕ ಬೆಳವಣಿಗೆ ಮತ್ತೆ ಕುಂಟುತ್ತಿದ್ದ ಹೊತ್ತು ಅದು. ರಿಸರ್ವ್ ಬ್ಯಾಂಕು ಬಾಂಡ್ ಕೊಂಡು, ಡಾಲರ್ ಸ್ವಾಪ್ ಮಾಡಿ ಆ ರೂಪಾಯಿಯನ್ನು ವಾಪಸು ಸುರಿಯಬೇಕಾಯಿತು. ಮೇಲೆ ಹೇಳಿದ ತೂತು ಕೊಡದ ಲೆಕ್ಕ ಇದೇ. ಫೆಬ್ರವರಿ ಆರಂಭದಲ್ಲಿ ಡಾಲರ್ 87 ದಾಟಿತು, ಎಷ್ಟೋ ಕಾಲ ತಡೆದಿಟ್ಟ ಇಳಿಕೆ ಕೆಲವೇ ವಾರಗಳಲ್ಲಿ ಆಯಿತು.

ಹೀಗೆ ಅಲುಗದ ರೂಪಾಯಿಗೆ ಒಗ್ಗಿದವರಿಗೆ ಇನ್ನೊಂದು ಚಟ ಅಂಟುತ್ತದೆ. ಡಾಲರಿನಲ್ಲಿ ಸಾಲ ಮಾಡಿದ ಕಂಪನಿ, ಹೇಗೂ ರಿಸರ್ವ್ ಬ್ಯಾಂಕು ಹಿಡಿದಿಟ್ಟಿದೆಯಲ್ಲ ಎಂದು ವಿನಿಮಯದ ಅಪಾಯಕ್ಕೆ ರಕ್ಷಣೆ ಕೊಳ್ಳುವುದನ್ನು ಬಿಡುತ್ತದೆ. ದರ ದಿನವೂ ಅಷ್ಟಿಷ್ಟು ಅಲುಗುತ್ತಿದ್ದರೆ ಪ್ರತಿಯೊಬ್ಬನೂ ತನ್ನ ಕೊಡೆ ತಾನು ತರುತ್ತಾನೆ. ವರ್ಷವಿಡೀ ಮಳೆಯೇ ಬಾರದಂತೆ ತಡೆದರೆ ಬಂದ ದಿನ ಎಲ್ಲರೂ ಒಟ್ಟಿಗೆ ನೆನೆಯುತ್ತಾರೆ.

ಹಾಗಾಗಿ ನನ್ನ ಬೇಡಿಕೆ, ರಿಸರ್ವ್ ಬ್ಯಾಂಕು ಕೈಕಟ್ಟಿ ಕೂರಲಿ ಎಂದಲ್ಲ. ದಿಗಿಲಿನ ದಿನ ಡಾಲರ್ ಮಾರಲಿ, ಹರಿದು ಬರುವ ದಿನ ಕೊಳ್ಳಲಿ. ಆದರೆ ಒಂದು ಅಂಕಿಗೆ, ಅದೂ ಬಾಯಿಬಿಟ್ಟು ಹೇಳದ ಅಂಕಿಗೆ, ಕಾವಲು ಕೂರುವುದು ಬೇಡ. ನಾವು ಬಾಗಿಲನ್ನು ವರ್ಷ ವರ್ಷ ಹೆಚ್ಚು ತೆರೆಯುತ್ತಾ ಬಂದಿದ್ದೇವೆ. ಬಡ್ಡಿ ದರ ನಮ್ಮ ಬೆಲೆಯೇರಿಕೆಗೆ ತಕ್ಕಂತಿರಬೇಕೆಂದು 2016ರಲ್ಲಿ ಕಾನೂನನ್ನೇ ತಿದ್ದಿದ್ದೇವೆ. ಎರಡನ್ನು ಆರಿಸಿಕೊಂಡಾಗಿದೆ. ಮೂರನೆಯದು ಅಲುಗಲೇಬೇಕು.

ಅಲುಗುವುದು ಹೆಚ್ಚಾಗಿ ಕೆಳಮುಖವಾಗಿಯೇ ಯಾಕೆ ಎಂದು ಕೇಳುವವರಿಗೂ ಸರಳ ಉತ್ತರವಿದೆ. ನಮ್ಮಲ್ಲಿ ಬೆಲೆಗಳು ವರ್ಷಕ್ಕೆ ಶೇ 6, ಅಮೆರಿಕದಲ್ಲಿ ಶೇ 2 ಏರುತ್ತವೆ ಎಂದುಕೊಳ್ಳಿ. ರೂಪಾಯಿ ಕದಲದೇ ನಿಂತರೆ ನಮ್ಮ ಸರಕು ಪ್ರತಿ ವರ್ಷ ಹೊರಗಿನವರಿಗೆ ಶೇ 4ರಷ್ಟು ತುಟ್ಟಿಯಾಗುತ್ತಾ ಹೋಗುತ್ತದೆ, ಹತ್ತು ವರ್ಷದಲ್ಲಿ ಕೊಳ್ಳುವವನೇ ಇರುವುದಿಲ್ಲ. ನಿಧಾನವಾಗಿ ಇಳಿಯುವ ರೂಪಾಯಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಅದಕ್ಕೆ ನಾಚಿಕೆಪಡಬೇಕಾದರೆ ಶೇ 6ರ ಬೆಲೆಯೇರಿಕೆಗೆ ನಾಚಿಕೆಪಡಿ.

2013ರಲ್ಲಿ ರೂಪಾಯಿಯನ್ನು ತೋರಿಸಿ ಗೇಲಿ ಮಾಡಿದವರು ಈಗ ಡಾಲರ್ ಬಲವಾಯಿತು ಎನ್ನುತ್ತಾರೆ. ಆಗ ಜಾಗತಿಕ ಕಾರಣಗಳನ್ನು ವಿವರಿಸುತ್ತಿದ್ದವರು ಈಗ ಗೇಲಿ ಮಾಡುತ್ತಾರೆ. ಮುಂದಿನ ಆಗಸ್ಟ್‌ನಲ್ಲಿ ಆ ಹಳೇ ಸಂದೇಶ ಬಂದಾಗ ಕಳಿಸಿದ ಚಿಕ್ಕಪ್ಪನಿಗೋ ಮಾವನಿಗೋ ಎರಡು ಸಾಲು ಬರೆಯಿರಿ. 1947ರಲ್ಲಿ ಡಾಲರಿಗೆ 3 ರೂಪಾಯಿ 30 ಪೈಸೆ ಇತ್ತು ಎನ್ನಿ. ಆಮೇಲೆ, ರೂಪಾಯಿ ಹಿಡಿದು ನಿಲ್ಲಿಸೋಣ ಎನ್ನುವುದಾದರೆ ನಿಮ್ಮ ಮನೆ ಸಾಲದ ಬಡ್ಡಿ ಏರಿಸೋಣವೇ, ಅಥವಾ ಮಗಳು ಓದಲು ಹೋಗುವ ದಾರಿ ಮುಚ್ಚೋಣವೇ ಎಂದು ಕೇಳಿ. ಎರಡರಲ್ಲಿ ಒಂದನ್ನು ಅವರು ಆರಿಸಿದರೆ ಅಲ್ಲಿಂದ ಚರ್ಚೆ ಶುರುವಾಗುತ್ತದೆ.